ಕಡಿಮೆಗೆ ಮಾರಿದ ಬಾಂಡು, ವರ್ಷವರ್ಷ ಬೆಳೆಯುವ ಬಡ್ಡಿ

1992ರಲ್ಲಿ ಭಾರತೀಯ ಕೈಗಾರಿಕಾ ಅಭಿವೃದ್ಧಿ ಬ್ಯಾಂಕ್, ಅಂದರೆ ಐಡಿಬಿಐ, ಒಂದು ಹೊಸ ಬಗೆಯ ಬಾಂಡನ್ನು ಜನರ ಮುಂದಿಟ್ಟಿತು. ಅದರ ಮುಖಬೆಲೆ ₹1,00,000. ಕೊಳ್ಳುವವರು ಆಗ ಕೊಡಬೇಕಾಗಿದ್ದದ್ದು ₹2,700 ಮಾತ್ರ. 25 ವರ್ಷಗಳ ಅವಧಿಯಲ್ಲಿ ಒಂದು ಪೈಸೆ ಬಡ್ಡಿಯೂ ಕೈಗೆ ಬರುವುದಿಲ್ಲ. ಅವಧಿ ಮುಗಿದಾಗ ಒಂದು ಲಕ್ಷ ಒಟ್ಟಿಗೆ ಬರುತ್ತದೆ. ಡೀಪ್ ಡಿಸ್ಕೌಂಟ್ ಬಾಂಡ್ ಎಂಬ ಹೆಸರಿನ ಈ ಪತ್ರದಲ್ಲಿ ಬಡ್ಡಿ ಎಂಬ ಮಾತೇ ಇಲ್ಲದಂತೆ ಕಾಣುತ್ತದೆ. ಆದರೆ ಬಡ್ಡಿಯಿಲ್ಲದೆ ಯಾರೂ 25 ವರ್ಷ ಹಣ ಬಿಟ್ಟುಕೊಡುವುದಿಲ್ಲ. ಕೊಟ್ಟ ₹2,700ಕ್ಕೂ ಮರಳಿ ಬರುವ ಲಕ್ಷಕ್ಕೂ ನಡುವಿನ ₹97,300 ಪೂರ್ತಿ ಬಡ್ಡಿಯೇ. ಅದನ್ನು ವರ್ಷವರ್ಷ ಕೊಡುವ ಬದಲು ಕೊನೆಗೆ ಒಂದೇ ಸಲ ಕೊಡುವ ಒಪ್ಪಂದ ಇದು.

ಸಾಲ ಪಡೆದ ಸಂಸ್ಥೆಯ ಲೆಕ್ಕದ ಪುಸ್ತಕಕ್ಕೆ ಇಲ್ಲೊಂದು ಪ್ರಶ್ನೆ ಎದುರಾಗುತ್ತದೆ. ಈ ₹97,300ರ ಖರ್ಚನ್ನು ಯಾವ ವರ್ಷದ ಲಾಭದಿಂದ ಎಷ್ಟೆಷ್ಟು ಕಳೆಯಬೇಕು? ಹಣ ಕೈಬಿಡುವುದು 25ನೇ ವರ್ಷದಲ್ಲಿ ಎಂದು ಅಲ್ಲಿಯವರೆಗೆ ಸುಮ್ಮನಿದ್ದರೆ, ಮೊದಲ 24 ವರ್ಷ ಬಿಟ್ಟಿ ಹಣದಲ್ಲಿ ವ್ಯವಹಾರ ನಡೆದಂತೆ ತೋರುತ್ತದೆ. 25ರಿಂದ ಭಾಗಿಸಿ ವರ್ಷಕ್ಕೆ ₹3,892 ಎಂದು ಸಮನಾಗಿ ಹಂಚಿದರೆ ಇನ್ನೊಂದು ವಿಚಿತ್ರ ಹುಟ್ಟುತ್ತದೆ. ಮೊದಲ ವರ್ಷ ಸಂಸ್ಥೆಯ ಬಳಿ ಇದ್ದ ಸಾಲವೇ ₹2,700. ಅದರ ಮೇಲೆ ₹3,892 ಬಡ್ಡಿ ಎಂದರೆ ನೂರಕ್ಕೆ 144. ಅಂಥ ದರಕ್ಕೆ ಯಾರೂ ಸಾಲ ಪಡೆದಿಲ್ಲ, ಯಾರೂ ಕೊಟ್ಟಿಲ್ಲ. ಪರಿಣಾಮಕ ಬಡ್ಡಿ ವಿಧಾನ ಎಂಬ ಲೆಕ್ಕದ ಕ್ರಮ ಉತ್ತರಿಸುವುದು ಈ ಪ್ರಶ್ನೆಗೆ. ಲೆಕ್ಕಿಗರು ಅದನ್ನು ಎಫೆಕ್ಟಿವ್ ಇಂಟರೆಸ್ಟ್ ಎಂದೋ, ಚುಟುಕಾಗಿ ಇಐಆರ್ ಎಂದೋ ಕರೆಯುತ್ತಾರೆ.

ಐಡಿಬಿಐ ಬಾಂಡಿನಂತೆ ಬಡ್ಡಿಯನ್ನೇ ಕೊಡದ ಪತ್ರ ಒಂದು ತುದಿಯ ಉದಾಹರಣೆ. ಭಾರತೀಯ ರಿಸರ್ವ್ ಬ್ಯಾಂಕ್ ಕೇಂದ್ರ ಸರ್ಕಾರಕ್ಕಾಗಿ ಹರಾಜು ಹಾಕುವ 91, 182 ಮತ್ತು 364 ದಿನಗಳ ಖಜಾನೆ ಹುಂಡಿಗಳೂ ಇದೇ ಜಾತಿಯವು. ಕಂಪನಿಗಳ ಬಾಂಡು ಮತ್ತು ಡಿಬೆಂಚರುಗಳಲ್ಲಿ ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ: ವರ್ಷವರ್ಷ ಕೊಡುವ ನಿಗದಿತ ಬಡ್ಡಿ ಒಂದು, ಮುಖಬೆಲೆಗಿಂತ ಕಡಿಮೆಗೆ ಮಾರಿದ್ದರಿಂದ ಹುಟ್ಟಿದ ಡಿಸ್ಕೌಂಟ್ ಇನ್ನೊಂದು. ಲೆಕ್ಕದ ಸ್ವಾರಸ್ಯ ಚೆನ್ನಾಗಿ ಕಾಣುವುದು ಈ ಬೆರಕೆಯಲ್ಲೇ.

ಡಿಸ್ಕೌಂಟ್ ಹುಟ್ಟುವ ಬಗೆ ಹೀಗೆ. ಬಾಂಡಿನ ಮೇಲೆ ನಮೂದಾದ ಬಡ್ಡಿ ದರಕ್ಕೆ ಕೂಪನ್ ದರ ಎನ್ನುತ್ತಾರೆ. ಅದು ಮುಖಬೆಲೆಯ ಮೇಲಿನ ಲೆಕ್ಕ. ಒಮ್ಮೆ ನಿಗದಿಯಾದರೆ ಬದಲಾಗುವುದಿಲ್ಲ. ಆದರೆ ಹೂಡಿಕೆದಾರರು ಎಷ್ಟು ಪ್ರತಿಫಲ ಬಯಸುತ್ತಾರೆ ಎಂಬುದನ್ನು ನಿರ್ಧರಿಸುವುದು ಮಾರುಕಟ್ಟೆ. ಕೂಪನ್ ನೂರಕ್ಕೆ 8 ಇದ್ದು, ಅದೇ ಮಟ್ಟದ ಅಪಾಯವಿರುವ ಬೇರೆ ಬಾಂಡುಗಳಲ್ಲಿ ನೂರಕ್ಕೆ 10 ಸಿಗುತ್ತಿದ್ದರೆ, ಪೂರ್ತಿ ಮುಖಬೆಲೆ ಕೊಟ್ಟು ಇದನ್ನು ಯಾರೂ ಕೊಳ್ಳುವುದಿಲ್ಲ. ಬೆಲೆ ಇಳಿಯುತ್ತದೆ. ಕೊಂಡವರಿಗೆ ಒಟ್ಟಾರೆ ನೂರಕ್ಕೆ 10 ಸಿಗುವ ಮಟ್ಟಕ್ಕೆ ಬಂದಾಗ ಇಳಿತ ನಿಲ್ಲುತ್ತದೆ. ಡಿಸ್ಕೌಂಟ್ ಎಂದರೆ ಅಂಗಡಿಯವರು ಬಿಡುವ ಸೋಡಿಯಂಥ ಉದಾರತೆ ಅಲ್ಲ, ಕಂಪನಿಗೆ ಆದ ನಷ್ಟವೂ ಅಲ್ಲ. ಕೂಪನ್ನಿನಲ್ಲಿ ಕಡಿಮೆಯಾದ ಬಡ್ಡಿಯನ್ನು ಬೆಲೆಯ ಮೂಲಕ ತುಂಬಿಕೊಡುವ ಬಗೆ ಅದು. ಬಡ್ಡಿಯನ್ನು ಮೊದಲೇ ಮುರಿದುಕೊಂಡು ಉಳಿದದ್ದನ್ನು ಕೈಗಿಡುವ ಕೈಸಾಲದಲ್ಲಿ, ಪತ್ರದ ಮೇಲೆ ನೂರು ಎಂದು ಬರೆದಿದ್ದರೂ ಸಾಲಗಾರನ ಕೈಗೆ ಬಂದದ್ದು ತೊಂಬತ್ತೇ ಆಗಿರುತ್ತದೆ. ಇಲ್ಲಿಯೂ ಹಾಗೆಯೇ: ನಿಜವಾದ ಸಾಲ ಕೈಗೆ ಬಂದ ಹಣವಷ್ಟೇ, ಮುಖಬೆಲೆಯಲ್ಲ.

ಲೆಕ್ಕ ಮಾಡಿ ನೋಡಲು ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳಬಹುದು. ಅದು ಏಪ್ರಿಲ್ 1ರಂದು ಒಟ್ಟು ₹1 ಕೋಟಿ ಮುಖಬೆಲೆಯ ಬಾಂಡುಗಳನ್ನು ಹೊರಡಿಸುತ್ತದೆ. ಅವಧಿ 5 ವರ್ಷ, ಕೂಪನ್ ನೂರಕ್ಕೆ 8. ಪ್ರತಿ ಮಾರ್ಚ್ 31ರಂದು ₹8,00,000 ಬಡ್ಡಿ ಕೊಡಬೇಕು. ಐದನೇ ವರ್ಷದ ಕೊನೆಗೆ ಒಂದು ಕೋಟಿ ಹಿಂದಿರುಗಿಸಬೇಕು. ಮಾರುಕಟ್ಟೆ ಬಯಸುವ ಪ್ರತಿಫಲ ನೂರಕ್ಕೆ 10. ಹೂಡಿಕೆದಾರರು ಇದಕ್ಕೆ ಎಷ್ಟು ಕೊಟ್ಟಾರು?

ಮುಂದೆ ಬರುವ ಪ್ರತಿಯೊಂದು ಮೊತ್ತವನ್ನೂ ನೂರಕ್ಕೆ 10ರಂತೆ ಇಂದಿನ ಬೆಲೆಗೆ ಇಳಿಸಿದರೆ ಉತ್ತರ ಸಿಗುತ್ತದೆ. ಒಂದು ವರ್ಷದ ನಂತರ ಬರುವ ₹8,00,000ವನ್ನು 1.10ರಿಂದ ಒಂದು ಸಲ ಭಾಗಿಸಬೇಕು, ಎರಡು ವರ್ಷದ ನಂತರ ಬರುವುದನ್ನು ಎರಡು ಸಲ, ಹೀಗೆಯೇ ಐದರವರೆಗೆ. ಐದು ಕಂತಿನ ಕೂಪನ್‌ಗಳ ಇಂದಿನ ಬೆಲೆ ₹30,32,629 ಆಗುತ್ತದೆ. ಐದು ವರ್ಷದ ನಂತರದ ಒಂದು ಕೋಟಿಯ ಇಂದಿನ ಬೆಲೆ ₹62,09,213. ಎರಡನ್ನೂ ಕೂಡಿ, ಪೈಸೆಗಳನ್ನು ಸರಿಹೊಂದಿಸಿದರೆ ₹92,41,843. ಬಾಂಡು ಮಾರಾಟವಾಗುವುದು ಈ ಬೆಲೆಗೆ. ಒಂದು ಕೋಟಿಗೆ ಕಡಿಮೆಯಾದ ₹7,58,157 ಡಿಸ್ಕೌಂಟ್. ಎಕ್ಸೆಲ್ ಹಾಳೆಯಲ್ಲಿ ಇದು ಒಂದೇ ಸಾಲಿನ ಕೆಲಸ:

```
=PV(10%,5,-800000,-10000000)
```

ಪುಸ್ತಕದಲ್ಲಿ ಮೊದಲ ದಿನದ ನಮೂದು ಸರಳ. ಬ್ಯಾಂಕ್ ಖಾತೆಗೆ ₹92,41,843 ಬಂತು. ಬಾಂಡ್ ಸಾಲವೂ ಅಷ್ಟೇ. ಮುಖಬೆಲೆಯನ್ನೂ ತೋರಿಸಬೇಕೆನ್ನುವವರು ಬಾಂಡ್ ಖಾತೆಗೆ ಒಂದು ಕೋಟಿ ಜಮಾ ಮಾಡಿ, ಡಿಸ್ಕೌಂಟ್ ಖಾತೆಗೆ ₹7,58,157 ಖರ್ಚು ಬರೆಯುತ್ತಾರೆ. ಹಾಗೆ ಮಾಡಿದರೂ ಬ್ಯಾಲೆನ್ಸ್ ಶೀಟಿನಲ್ಲಿ ಎರಡನೆಯದನ್ನು ಮೊದಲನೆಯದರಿಂದ ಕಳೆದು ನಿವ್ವಳವನ್ನೇ ಸಾಲವೆಂದು ತೋರಿಸಬೇಕು. ಈ ನಿವ್ವಳ ಮೊತ್ತವೇ ಬಾಂಡಿನ ಪುಸ್ತಕ ಮೌಲ್ಯ. ಇಡೀ ವಿಧಾನ ತಿರುಗುವುದು ಅದರ ಸುತ್ತ.

ಈಗ ಮೊದಲ ವರ್ಷ ಮುಗಿಯಿತು ಎನ್ನೋಣ. ಕಂಪನಿ ವರ್ಷವಿಡೀ ಬಳಸಿದ ಸಾಲ ₹92,41,843. ಆ ಸಾಲದ ನಿಜವಾದ ದರ ನೂರಕ್ಕೆ 10. ಹಾಗಾದರೆ ವರ್ಷದ ಬಡ್ಡಿ ಖರ್ಚು ₹9,24,184. ಬಾಂಡುದಾರರಿಗೆ ಕೊಟ್ಟದ್ದು ₹8,00,000. ಉಳಿದ ₹1,24,184 ವರ್ಷದ ಖರ್ಚೇ ಹೌದು, ಆದರೆ ಕೊಡದೆ ಉಳಿದ ಖರ್ಚು. ಕೊಡದೆ ಉಳಿದ ಬಡ್ಡಿ ಎಲ್ಲಿಗೆ ಹೋಗುತ್ತದೆ? ಅಸಲಿಗೆ ಸೇರುತ್ತದೆ. ಸಾಲ ₹93,66,027ಕ್ಕೆ ಏರುತ್ತದೆ. ಎರಡನೇ ವರ್ಷದ ಬಡ್ಡಿ ಈ ಹೊಸ ಮೊತ್ತದ ಮೇಲೆ ನೂರಕ್ಕೆ 10, ಅಂದರೆ ₹9,36,603. ಅದರಲ್ಲಿ ಮತ್ತೆ ₹8,00,000 ಕೊಟ್ಟು ಉಳಿದದ್ದು ಸಾಲಕ್ಕೆ ಸೇರುತ್ತದೆ. ಐದು ವರ್ಷದ ಚಿತ್ರ ಹೀಗಿರುತ್ತದೆ:

| ವರ್ಷ | ಆರಂಭದ ಸಾಲ (₹) | ಬಡ್ಡಿ ಖರ್ಚು (₹) | ಕೊಟ್ಟ ಕೂಪನ್ (₹) | ಸಾಲಕ್ಕೆ ಸೇರಿದ್ದು (₹) | ಕೊನೆಯ ಸಾಲ (₹) |
|---|---|---|---|---|---|
| 1 | 92,41,843 | 9,24,184 | 8,00,000 | 1,24,184 | 93,66,027 |
| 2 | 93,66,027 | 9,36,603 | 8,00,000 | 1,36,603 | 95,02,630 |
| 3 | 95,02,630 | 9,50,263 | 8,00,000 | 1,50,263 | 96,52,893 |
| 4 | 96,52,893 | 9,65,289 | 8,00,000 | 1,65,289 | 98,18,182 |
| 5 | 98,18,182 | 9,81,818 | 8,00,000 | 1,81,818 | 1,00,00,000 |

ಕೊನೆಯ ದಿನ ಪುಸ್ತಕ ಮೌಲ್ಯ ಸರಿಯಾಗಿ ಒಂದು ಕೋಟಿಗೆ ಬಂದು ನಿಲ್ಲುತ್ತದೆ. ಆ ಕೋಟಿಯನ್ನು ಕೊಟ್ಟಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ; ಸಾಲ ತೀರುತ್ತದೆ, ಅಷ್ಟೆ. ಐದು ವರ್ಷದ ಒಟ್ಟು ಬಡ್ಡಿ ಖರ್ಚು ₹47,58,157. ಕೂಪನ್‌ಗಳ ₹40,00,000 ಮತ್ತು ಡಿಸ್ಕೌಂಟಿನ ₹7,58,157 ಸೇರಿದರೆ ಅದೇ ಮೊತ್ತ. ಡಿಸ್ಕೌಂಟ್ ಪೂರ್ತಿಯಾಗಿ ಬಡ್ಡಿಯಾಗಿ ಕರಗಿದೆ.

ಬಡ್ಡಿ ಖರ್ಚು ವರ್ಷವರ್ಷ ಏರುವುದನ್ನು ನೋಡಿ ಮೊದಲ ಸಲ ಓದುವವರು ತಬ್ಬಿಬ್ಬಾಗುತ್ತಾರೆ. ಕೊಡುವ ಕೂಪನ್ ಬದಲಾಗಿಲ್ಲ, ದರವೂ ಬದಲಾಗಿಲ್ಲ, ಖರ್ಚು ಮಾತ್ರ ಏಕೆ ಏರಬೇಕು? ಏರಿದ್ದು ಸಾಲ. ಕೊಡದೆ ಉಳಿಸಿಕೊಂಡ ಬಡ್ಡಿಯನ್ನೂ ಕಂಪನಿ ಮುಂದಿನ ವರ್ಷ ಬಳಸುತ್ತಿದೆ. ಅದಕ್ಕೂ ಬಡ್ಡಿ ಬೀಳುತ್ತದೆ. ಇದು ಹಳೆಯ ಚಕ್ರಬಡ್ಡಿಯೇ, ಬೇರೇನಲ್ಲ. ಶಾಲೆಯಲ್ಲಿ ಚಕ್ರಬಡ್ಡಿಯ ಲೆಕ್ಕ ಮಾಡಿದವರಿಗೆ ಈ ವಿಧಾನದ ಗಣಿತದಲ್ಲಿ ಹೊಸತೇನೂ ಕಾಣುವುದಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಡಿಸ್ಕೌಂಟನ್ನು ಐದರಿಂದ ಭಾಗಿಸಿ ಸಮನಾಗಿ ಹಂಚುವ ಕ್ರಮ. ಹಾಗೆ ಮಾಡಿದರೆ ವರ್ಷಕ್ಕೆ ₹1,51,631, ಕೂಪನ್ ಸೇರಿ ಬಡ್ಡಿ ಖರ್ಚು ಪ್ರತಿ ವರ್ಷ ₹9,51,631. ಲೆಕ್ಕ ಸುಲಭ, ಒಟ್ಟು ಮೊತ್ತವೂ ತಪ್ಪಲ್ಲ. ಆದರೆ ಅದು ಹೇಳುವ ಕಥೆ ತಪ್ಪು. ಮೊದಲ ವರ್ಷದ ಸಾಲದ ಮೇಲೆ ಈ ಖರ್ಚು ನೂರಕ್ಕೆ 10.30 ಬೀಳುತ್ತದೆ, ಕೊನೆಯ ವರ್ಷದ ಸಾಲದ ಮೇಲೆ 9.66. ಒಂದೇ ದರಕ್ಕೆ ಒಪ್ಪಿ ಪಡೆದ ಸಾಲ ವರ್ಷ ಕಳೆದಂತೆ ಅಗ್ಗವಾಗುತ್ತಾ ಬಂತು ಎಂದು ಪುಸ್ತಕ ಹೇಳಿದಂತಾಯಿತು. ಈ ಉದಾಹರಣೆಯಲ್ಲಿ ವ್ಯತ್ಯಾಸ ಸಣ್ಣದು. ಐದು ವರ್ಷದ ಅವಧಿಗೆ, ನೂರಕ್ಕೆ ಏಳೂವರೆಯಷ್ಟು ಡಿಸ್ಕೌಂಟಿಗೆ, ಯಾವ ವರ್ಷವೂ ಅದು ₹31,000 ದಾಟುವುದಿಲ್ಲ. ಇಷ್ಟಕ್ಕಾಗಿ ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿಗೆ ಐಡಿಬಿಐ ಬಾಂಡು ಉತ್ತರ ಕೊಡುತ್ತದೆ.

ಅವಧಿಗೆ ಮುನ್ನ ಹೊರಬರುವ ಆಯ್ಕೆಗಳನ್ನು ಬದಿಗಿಟ್ಟರೆ, ₹2,700 ಎಂಬುದು 25 ವರ್ಷದಲ್ಲಿ ಲಕ್ಷವಾಗಲು ಬೇಕಾದ ದರ ನೂರಕ್ಕೆ ಸುಮಾರು 15.54. ಆ ದರದಲ್ಲಿ ಮೊದಲ ವರ್ಷದ ಬಡ್ಡಿ ₹420ರಷ್ಟು. ಹತ್ತು ವರ್ಷ ಕಳೆದಾಗ ಸಾಲ ಸುಮಾರು ₹11,450ಕ್ಕೆ ಬಂದಿರುತ್ತದೆ. ಇಪ್ಪತ್ತು ವರ್ಷ ಕಳೆದರೂ ಅದು ಇನ್ನೂ ₹48,500ರ ಆಸುಪಾಸಿನಲ್ಲೇ ಇರುತ್ತದೆ. ಉಳಿದ ಅರ್ಧಕ್ಕಿಂತ ಹೆಚ್ಚು ಕೊನೆಯ ಐದೇ ವರ್ಷದಲ್ಲಿ ಬೆಳೆಯುತ್ತದೆ. ಕೊನೆಯ ಒಂದು ವರ್ಷದ ಬಡ್ಡಿಯೇ ₹13,450ರಷ್ಟು. ಸಮ ಹಂಚಿಕೆಯಲ್ಲಿ ಮೊದಲ ವರ್ಷವೂ ₹3,892, ಕೊನೆಯ ವರ್ಷವೂ ₹3,892. ಮೊದಲ ವರ್ಷದ ಖರ್ಚನ್ನು ಒಂಬತ್ತು ಪಟ್ಟು ಹೆಚ್ಚಿಸಿ, ಕೊನೆಯ ವರ್ಷದ್ದನ್ನು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಮಾಡುವ ಕ್ರಮವನ್ನು ಸರಳತೆಯ ಹೆಸರಿನಲ್ಲಿ ಸಮರ್ಥಿಸಲು ಆಗುವುದಿಲ್ಲ. ಅವಧಿ ಉದ್ದವಾದಷ್ಟೂ, ಡಿಸ್ಕೌಂಟ್ ಆಳವಾದಷ್ಟೂ ತಪ್ಪು ದೊಡ್ಡದಾಗುತ್ತದೆ.

ಅಮೆರಿಕದಲ್ಲಿ ಈ ವಿಷಯ 1971ರಲ್ಲೇ ಇತ್ಯರ್ಥವಾಯಿತು. ಅಲ್ಲಿನ ಲೆಕ್ಕಪತ್ರ ಮಂಡಳಿಯ 21ನೇ ಅಭಿಪ್ರಾಯ ಬಡ್ಡಿ ವಿಧಾನವನ್ನೇ ಅನುಸರಿಸಲು ಹೇಳಿತು. ಪರಿಣಾಮದಲ್ಲಿ ಗಮನಾರ್ಹ ವ್ಯತ್ಯಾಸ ಬೀಳದಿದ್ದರೆ ಮಾತ್ರ ಬೇರೆ ಕ್ರಮಕ್ಕೆ ಅವಕಾಶ ಕೊಟ್ಟಿತು. ಡಿಸ್ಕೌಂಟನ್ನು ಪ್ರತ್ಯೇಕ ಆಸ್ತಿಯಾಗಿ ತೋರಿಸದೆ ಸಾಲದಿಂದಲೇ ಕಳೆಯಬೇಕು ಎಂದೂ ಅದು ಹೇಳಿತು. ಭಾರತದಲ್ಲಿ ದಾರಿ ಬೇರೆಯಾಗಿತ್ತು. ಇಲ್ಲಿ ದೀರ್ಘಕಾಲ ಡಿಬೆಂಚರಿನ ಡಿಸ್ಕೌಂಟ್ ಬ್ಯಾಲೆನ್ಸ್ ಶೀಟಿನ ಆಸ್ತಿಯ ಕಡೆ, ಇನ್ನೂ ಕಳೆಯದೆ ಉಳಿದ ಬಿಡಿ ಖರ್ಚುಗಳ ಸಾಲಿನಲ್ಲಿ ಕುಳಿತಿರುತ್ತಿತ್ತು. ಮಾರಲಾಗದ, ಬಳಸಲಾಗದ, ಯಾರಿಂದಲೂ ವಸೂಲು ಮಾಡಲಾಗದ ಒಂದು ಮೊತ್ತ ಆಸ್ತಿ ಎನಿಸಿಕೊಂಡಿತ್ತು.

ಅದಕ್ಕಿಂತ ಹೆಚ್ಚು ಕಳವಳದ ಸಂಗತಿ ಇನ್ನೊಂದಿದೆ. 1956ರ ಕಂಪನಿ ಕಾಯಿದೆಯ 78ನೇ ಕಲಮು ಡಿಬೆಂಚರಿನ ಡಿಸ್ಕೌಂಟನ್ನು ಷೇರು ಪ್ರೀಮಿಯಂ ಖಾತೆಯಿಂದ ಕಳೆಯಲು ಅನುಮತಿ ಕೊಟ್ಟಿತ್ತು. ಷೇರುದಾರರು ಮುಖಬೆಲೆಗಿಂತ ಹೆಚ್ಚಾಗಿ ಕೊಟ್ಟ ಹಣ ಆ ಖಾತೆಯಲ್ಲಿರುತ್ತದೆ. ಡಿಸ್ಕೌಂಟನ್ನು ಅಲ್ಲಿಂದ ಕಳೆದುಬಿಟ್ಟರೆ ಅದು ಲಾಭ-ನಷ್ಟ ಖಾತೆಯ ಹತ್ತಿರವೂ ಸುಳಿಯುವುದಿಲ್ಲ. ಮೇಲಿನ ಉದಾಹರಣೆಯ ಕಂಪನಿ ಹಾಗೆ ಮಾಡಿದ್ದರೆ ಐದು ವರ್ಷವೂ ಬಡ್ಡಿ ಖರ್ಚು ₹8,00,000 ಎಂದಷ್ಟೇ ಕಾಣುತ್ತಿತ್ತು. ನೂರಕ್ಕೆ 10ರ ಸಾಲ ನೂರಕ್ಕೆ 8ರದ್ದೆಂದು ತೋರಿ, ಏಳೂವರೆ ಲಕ್ಷ ಬಡ್ಡಿ ಯಾವ ವರ್ಷದ ಲಾಭವನ್ನೂ ಮುಟ್ಟದೆ ಮಾಯವಾಗುತ್ತಿತ್ತು. ಪೂರ್ತಿ ಬಡ್ಡಿಯನ್ನು ಡಿಸ್ಕೌಂಟ್ ರೂಪದಲ್ಲೇ ಕೊಡುವ ಬಾಂಡಿನಲ್ಲಾದರೆ ಖರ್ಚೇ ಇಲ್ಲದಂತಾಗುತ್ತದೆ. ಕಾನೂನು ಒಪ್ಪಿದ್ದರೂ ಲಾಭವನ್ನು ಓದುವವರಿಗೆ ಇದು ದಾರಿ ತಪ್ಪಿಸುವ ಲೆಕ್ಕವೇ ಆಗಿತ್ತು. 2013ರ ಕಾಯಿದೆಯ 52ನೇ ಕಲಮು ನಿಗದಿತ ಲೆಕ್ಕಪತ್ರ ಮಾನದಂಡಗಳನ್ನು ಪಾಲಿಸುವ ನಿರ್ದಿಷ್ಟ ವರ್ಗದ ಕಂಪನಿಗಳಿಗೆ ಈ ಬಾಗಿಲನ್ನು ಮುಚ್ಚಿತು. ಅವು ಪ್ರೀಮಿಯಂ ಖಾತೆಯಿಂದ ಈಕ್ವಿಟಿ ಷೇರು ಹೊರಡಿಸಿದ ಖರ್ಚನ್ನು ಕಳೆಯಬಹುದು, ಡಿಬೆಂಚರಿನ ಡಿಸ್ಕೌಂಟನ್ನು ಕಳೆಯುವಂತಿಲ್ಲ.

2016ರ ಏಪ್ರಿಲ್‌ನಿಂದ ₹500 ಕೋಟಿ ಮತ್ತು ಅದಕ್ಕಿಂತ ಹೆಚ್ಚಿನ ನಿವ್ವಳ ಮೌಲ್ಯದ ಕಂಪನಿಗಳಿಗೆ, ಮರುವರ್ಷದಿಂದ ಉಳಿದ ಲಿಸ್ಟೆಡ್ ಕಂಪನಿಗಳಿಗೂ ₹250 ಕೋಟಿ ದಾಟಿದ ಇತರ ಕಂಪನಿಗಳಿಗೂ ಇಂಡ್ ಎಎಸ್ ಎಂಬ ಹೊಸ ಮಾನದಂಡಗಳು ಕಡ್ಡಾಯವಾದವು. ಬ್ಯಾಂಕುಗಳನ್ನು ರಿಸರ್ವ್ ಬ್ಯಾಂಕ್ ಇದರಿಂದ ಹೊರಗಿರಿಸಿದೆ. ಇಂಡ್ ಎಎಸ್ 109 ಪರಿಣಾಮಕ ಬಡ್ಡಿ ದರವನ್ನು ಹೇಳುವ ಬಗೆ, ಸರಳವಾಗಿ, ಹೀಗೆ: ಸಾಲದ ನಿರೀಕ್ಷಿತ ಅವಧಿಯಲ್ಲಿ ಮುಂದೆ ಕೊಡಬೇಕಾದ ಎಲ್ಲ ಮೊತ್ತಗಳನ್ನು ಯಾವ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಅವು ಸಾಲದ ಪುಸ್ತಕ ಮೌಲ್ಯಕ್ಕೆ ಸರಿಹೊಂದುತ್ತವೋ, ಆ ದರ. ನಿರೀಕ್ಷಿತ ಅವಧಿ ಎಂಬ ಮಾತಿಗೆ ತೂಕವಿದೆ. ಹತ್ತನೇ ವರ್ಷಕ್ಕೇ ಬಾಂಡನ್ನು ಹಿಂಪಡೆಯುವ ಹಕ್ಕು ಕಂಪನಿಗಿದ್ದು, ಹಾಗೆ ಮಾಡುವ ನಿರೀಕ್ಷೆಯೂ ಇದ್ದರೆ, ದರವನ್ನು 25 ವರ್ಷಕ್ಕೆ ಲೆಕ್ಕ ಹಾಕುವುದು ಸರಿಯಾಗುವುದಿಲ್ಲ.

ಈ ದರದೊಳಗೆ ಡಿಸ್ಕೌಂಟ್ ಮಾತ್ರವಲ್ಲ, ಬಾಂಡ್ ಹೊರಡಿಸಲು ತಗುಲಿದ ನೇರ ಖರ್ಚೂ ಸೇರುತ್ತದೆ. ದಲ್ಲಾಳಿ ಕಮಿಷನ್, ವಕೀಲರ ಶುಲ್ಕ, ಮುದ್ರಾಂಕ ಶುಲ್ಕ ಮುಂತಾದವು ಇಲ್ಲಿ ಬರುತ್ತವೆ. ಉದಾಹರಣೆಯ ಕಂಪನಿಗೆ ಇವೆಲ್ಲ ಸೇರಿ ₹1,50,000 ಆಯಿತು ಎಂದಿಟ್ಟುಕೊಂಡರೆ, ಅದರ ಕೈಗೆ ನಿಜಕ್ಕೂ ಉಳಿದದ್ದು ₹90,91,843. ಮುಂದೆ ಕೊಡಬೇಕಾದದ್ದು ಮಾತ್ರ ಮೊದಲಿನಷ್ಟೇ. ಕಡಿಮೆ ಪಡೆದು ಅಷ್ಟೇ ಹಿಂದಿರುಗಿಸುವುದರಿಂದ ಸಾಲದ ದರ ಏರಲೇಬೇಕು. ಇಂಥ ದರವನ್ನು ಕೈಲೆಕ್ಕದಲ್ಲಿ ನೇರವಾಗಿ ಕಂಡುಹಿಡಿಯಲು ಆಗುವುದಿಲ್ಲ. ಒಂದು ದರ ಊಹಿಸಿ, ಬೆಲೆ ಲೆಕ್ಕ ಹಾಕಿ, ಹೆಚ್ಚು ಬಂದರೆ ದರ ಏರಿಸಿ, ಕಡಿಮೆ ಬಂದರೆ ಇಳಿಸಿ, ಹತ್ತಿರ ಹತ್ತಿರ ಹೋಗಬೇಕು. ಎಕ್ಸೆಲ್ ಈ ಊಹೆಯ ಕೆಲಸವನ್ನು ತಾನೇ ಮಾಡುತ್ತದೆ:

```
=RATE(5,-800000,9091843,-10000000)
```

ಉತ್ತರ ನೂರಕ್ಕೆ ಸುಮಾರು 10.42. ಮೊದಲ ವರ್ಷದ ಬಡ್ಡಿ ಖರ್ಚು ಆಗ ಸುಮಾರು ₹9,47,500 ಆಗುತ್ತದೆ. ಕಂಪನಿಯ ಆಡಳಿತ ಮಂಡಳಿ ನೂರಕ್ಕೆ 8ರ ಬಾಂಡ್ ಎಂದೇ ಮಾತನಾಡುತ್ತಿರಬಹುದು. ಆ ಹಣದ ನಿಜವಾದ ಬೆಲೆ ನೂರಕ್ಕೆ ಹತ್ತೂವರೆಯ ಹತ್ತಿರ ಇದೆ.

ದರ ಒಮ್ಮೆ ನಿಗದಿಯಾದ ಮೇಲೆ ಮಾರುಕಟ್ಟೆ ಹೇಗೇ ಏರಿಳಿದರೂ ಅದನ್ನು ಮುಟ್ಟುವಂತಿಲ್ಲ. ಎರಡನೇ ವರ್ಷ ಮಾರುಕಟ್ಟೆ ದರ ನೂರಕ್ಕೆ 12 ಆಗಿ ಬಾಂಡಿನ ಬೆಲೆ ಷೇರುಪೇಟೆಯಲ್ಲಿ ಬಿದ್ದರೂ, ಪುಸ್ತಕದಲ್ಲಿ ಹತ್ತರ ದರವೇ ಮುಂದುವರಿಯುತ್ತದೆ. ಪುಸ್ತಕ ಮೌಲ್ಯ ಎಂದರೆ ಇಂದು ಮಾರಿದರೆ ಸಿಗುವ ಬೆಲೆ ಅಲ್ಲ. ಸಾಲ ಪಡೆದ ದಿನದ ಒಪ್ಪಂದದ ಪ್ರಕಾರ ಇಂದಿಗೆ ಎಷ್ಟು ಸಾಲ ಉಳಿದಿದೆ ಎಂಬ ಲೆಕ್ಕ. ಇವೆರಡನ್ನು ಒಂದೇ ಎಂದುಕೊಂಡವರಿಗೆ ಅವಧಿಗೆ ಮುನ್ನ ಬಾಂಡನ್ನು ಮರಳಿ ಕೊಂಡಾಗ ಗೊಂದಲವಾಗುತ್ತದೆ. ಉದಾಹರಣೆಯ ಕಂಪನಿ ಮೂರನೇ ವರ್ಷದ ಕೊನೆಗೆ, ಆ ವರ್ಷದ ಕೂಪನ್ ಕೊಟ್ಟ ಮೇಲೆ, ತನ್ನ ಬಾಂಡುಗಳನ್ನೆಲ್ಲ ₹98,00,000 ಕೊಟ್ಟು ಮರಳಿ ಕೊಂಡಿತು ಎನ್ನೋಣ. ಮುಖಬೆಲೆ ಒಂದು ಕೋಟಿಯಾದ್ದರಿಂದ ಎರಡು ಲಕ್ಷ ಉಳಿಯಿತು ಎನಿಸುತ್ತದೆ. ಆದರೆ ಆ ದಿನ ಪುಸ್ತಕದಲ್ಲಿದ್ದ ಸಾಲ ₹96,52,893. ಅದನ್ನು ತೀರಿಸಲು ಅದಕ್ಕಿಂತ ಹೆಚ್ಚು ಕೊಟ್ಟದ್ದರಿಂದ ಕಂಪನಿಗೆ ₹1,47,107 ನಷ್ಟವಾಗಿದೆ. ಆ ವರ್ಷದ ಲಾಭ-ನಷ್ಟ ಖಾತೆಗೆ ಬರಬೇಕಾದದ್ದು ಈ ಮೊತ್ತ.

ಈ ಲೆಕ್ಕದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ದರವನ್ನು ತಪ್ಪು ಮೊತ್ತಕ್ಕೆ ಹಚ್ಚುವುದು. ನೂರಕ್ಕೆ 10ನ್ನು ಮುಖಬೆಲೆಗೆ ಹಚ್ಚಿದರೆ ಬಡ್ಡಿ ₹10,00,000 ಬರುತ್ತದೆ. ಡಿಸ್ಕೌಂಟ್ ನಾಲ್ಕನೇ ವರ್ಷವೇ ಖಾಲಿಯಾಗುತ್ತದೆ. ಕೂಪನ್ ದರವನ್ನು ಪುಸ್ತಕ ಮೌಲ್ಯಕ್ಕೆ ಹಚ್ಚಿದರೆ ಮೊದಲ ವರ್ಷದ ಬಡ್ಡಿ ₹7,39,347 ಬಂದು, ಕೊಟ್ಟ ಕೂಪನ್ನಿಗಿಂತಲೂ ಕಡಿಮೆಯಾಗುತ್ತದೆ. ಸಾಲ ಏರುವ ಬದಲು ಇಳಿಯತೊಡಗುತ್ತದೆ. ನೆನಪಿಡಬೇಕಾದದ್ದು ಇಷ್ಟು: ಕೂಪನ್ ದರ ಮುಖಬೆಲೆಗೆ, ಪರಿಣಾಮಕ ದರ ಪುಸ್ತಕ ಮೌಲ್ಯಕ್ಕೆ. ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುವ ಬಾಂಡಿನಲ್ಲಿ ತಪ್ಪಿನ ಇನ್ನೊಂದು ದಾರಿಯಿದೆ. ಅಲ್ಲಿ ಕಂತುಗಳು ಐದಲ್ಲ, ಹತ್ತು. ಕೂಪನ್ ಪ್ರತಿ ಕಂತಿಗೆ ₹4,00,000. ದರವನ್ನೂ ಅರ್ಧವರ್ಷದ ದರವನ್ನಾಗಿ ಮಾಡಬೇಕು. ಕಂತನ್ನು ಮಾತ್ರ ಬದಲಿಸಿ ದರವನ್ನು ವರ್ಷದ್ದೇ ಇಟ್ಟರೆ ಇಡೀ ಪಟ್ಟಿ ಹಾಳಾಗುತ್ತದೆ.

ಪಟ್ಟಿ ಸರಿಯಿದೆಯೇ ಎಂದು ತಿಳಿಯಲು ಒಳ್ಳೆಯ ಪರೀಕ್ಷೆಯೊಂದಿದೆ. ಯಾವುದೇ ವರ್ಷದ ಕೊನೆಯಲ್ಲಿ ನಿಂತು, ಇನ್ನು ಮುಂದೆ ಕೊಡಬೇಕಾದ ಮೊತ್ತಗಳನ್ನು ಮಾತ್ರ ಮೂಲ ದರದಲ್ಲಿ ಇಂದಿನ ಬೆಲೆಗೆ ಇಳಿಸಬೇಕು. ಬರುವ ಉತ್ತರ ಪಟ್ಟಿಯಲ್ಲಿರುವ ಸಾಲಕ್ಕೆ ಸಮನಾಗಿರಬೇಕು. ನಾಲ್ಕನೇ ವರ್ಷದ ಕೊನೆಯಲ್ಲಿ ಉಳಿದಿರುವುದು ಒಂದೇ ಪಾವತಿ: ಕೂಪನ್ ಮತ್ತು ಅಸಲು ಸೇರಿ ₹1,08,00,000. ಅದನ್ನು 1.10ರಿಂದ ಭಾಗಿಸಿದರೆ ₹98,18,182. ಪಟ್ಟಿಯಲ್ಲಿರುವುದೂ ಅದೇ. ಕೊನೆಯ ವರ್ಷದಲ್ಲಿ ಒಂದೆರಡು ರೂಪಾಯಿ ವ್ಯತ್ಯಾಸ ಬಂದರೆ ಅದು ಪೈಸೆ ಕೈಬಿಟ್ಟದ್ದರ ಫಲ. ಆ ವರ್ಷದ ಬಡ್ಡಿಯಲ್ಲೇ ಸರಿಹೊಂದಿಸಬಹುದು. ಸಾವಿರಗಟ್ಟಲೆ ವ್ಯತ್ಯಾಸ ಬಂದರೆ ದರವೋ ಕಂತಿನ ಎಣಿಕೆಯೋ ತಪ್ಪಿದೆ ಎಂದೇ ಅರ್ಥ.

ಬಾಂಡು ಹೊರಟ ದಿನ ಏಪ್ರಿಲ್ 1 ಆಗಿಯೇ ಇರಬೇಕೆಂದೇನೂ ಇಲ್ಲ. ಅಕ್ಟೋಬರ್ 1ರಂದು ಹೊರಟು, ಬಡ್ಡಿ ಕೊಡುವ ದಿನ ಸೆಪ್ಟೆಂಬರ್ 30 ಆಗಿದ್ದರೆ, ಮಾರ್ಚ್ 31ರಂದು ಒಂದು ಪೈಸೆಯನ್ನೂ ಕೊಟ್ಟಿರುವುದಿಲ್ಲ. ಆದರೂ ಆರು ತಿಂಗಳ ಬಡ್ಡಿ ಆ ಆರ್ಥಿಕ ವರ್ಷದ್ದೇ. ಮೊದಲ ವರ್ಷದ ₹9,24,184ರಲ್ಲಿ ಅರ್ಧ, ₹4,62,092, ಖರ್ಚಾಗಿ ಬರೆಯಬೇಕು. ಇದರಲ್ಲಿ ₹4,00,000 ಸೆಪ್ಟೆಂಬರಿನಲ್ಲಿ ಕೊಡಬೇಕಾದ ಕೂಪನ್ನಿನ ಪಾಲು. ₹62,092 ಡಿಸ್ಕೌಂಟಿನಿಂದ ಕರಗಿದ್ದು.

ಆದಾಯ ತೆರಿಗೆಯ ಲೆಕ್ಕ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. 1997ರಲ್ಲಿ ಸುಪ್ರೀಂ ಕೋರ್ಟ್ ಮದ್ರಾಸ್ ಇಂಡಸ್ಟ್ರಿಯಲ್ ಇನ್ವೆಸ್ಟ್‌ಮೆಂಟ್ ಕಾರ್ಪೊರೇಷನ್ನಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಇದಕ್ಕೆ ಆಧಾರ. ಆ ಸಂಸ್ಥೆ 1966ರ ಡಿಸೆಂಬರಿನಲ್ಲಿ ₹1.5 ಕೋಟಿಯ ಡಿಬೆಂಚರುಗಳನ್ನು ನೂರಕ್ಕೆ 98ರಂತೆ, 12 ವರ್ಷದ ಅವಧಿಗೆ ಹೊರಡಿಸಿತ್ತು. ಡಿಸ್ಕೌಂಟ್ ₹3,00,000. ತನ್ನ ಪುಸ್ತಕದಲ್ಲಿ ಮೊದಲ ಆರು ತಿಂಗಳಿಗೆ ₹12,500 ಮಾತ್ರ ಬರೆದುಕೊಂಡಿದ್ದರೂ, ತೆರಿಗೆಗೆ ಪೂರ್ತಿ ಮೂರು ಲಕ್ಷವನ್ನು ಒಂದೇ ವರ್ಷ ಕಳೆಯಲು ಕೇಳಿತು. ಡಿಸ್ಕೌಂಟ್ ವ್ಯವಹಾರದ ಖರ್ಚೇ ಹೌದು ಎಂದು ನ್ಯಾಯಾಲಯ ಒಪ್ಪಿತು. ಆದರೆ ಅದರ ಲಾಭ 12 ವರ್ಷ ಹರಡಿರುವುದರಿಂದ ಖರ್ಚನ್ನೂ 12 ವರ್ಷಕ್ಕೆ ಅನುಪಾತದಲ್ಲಿ ಹಂಚಬೇಕು ಎಂದಿತು. ₹12,500 ಮಾತ್ರ ಸಿಕ್ಕಿತು. ಡಿಸ್ಕೌಂಟ್ ಎಂಬುದು ಅವಧಿಯುದ್ದಕ್ಕೂ ಹಬ್ಬಿದ ಸಾಲದ ಬೆಲೆ ಎಂಬ ಮೂಲ ತಿಳಿವಳಿಕೆ ಎರಡೂ ಕಡೆ ಒಂದೇ. ಹಂಚುವ ಬಗೆಯಲ್ಲಿ ಮಾತ್ರ ತೆರಿಗೆಯ ಲೆಕ್ಕ ಸಮ ಹಂಚಿಕೆಯಲ್ಲೇ ನಿಂತಿತು.

ಹೀಗಾಗಿ ಉದಾಹರಣೆಯ ಕಂಪನಿ ಮೊದಲ ವರ್ಷ ತೆರಿಗೆಗೆ ₹9,51,631 ಬಡ್ಡಿ ತೋರಿಸಿ, ಷೇರುದಾರರಿಗೆ ₹9,24,184 ತೋರಿಸುತ್ತದೆ. ತೆರಿಗೆಯ ಲೆಕ್ಕದಲ್ಲಿ ₹27,447 ಹೆಚ್ಚು ಕಳೆದದ್ದರಿಂದ ಈ ವರ್ಷ ಕಟ್ಟುವ ತೆರಿಗೆ ಅಷ್ಟರಮಟ್ಟಿಗೆ ಕಡಿಮೆ. ಆದರೆ ಅದು ಮುಂದೂಡಿದ ತೆರಿಗೆ, ಉಳಿದ ತೆರಿಗೆಯಲ್ಲ. ಆದ್ದರಿಂದ ಮುಂದೆ ಕಟ್ಟಬೇಕಾದ ತೆರಿಗೆಯ ಹೊಣೆ ಎಂದು ಅದನ್ನು ಪುಸ್ತಕದಲ್ಲಿ ಬರೆದಿಡಬೇಕು. ಎರಡನೇ ವರ್ಷ ವ್ಯತ್ಯಾಸ ₹15,028ಕ್ಕೆ ಇಳಿಯುತ್ತದೆ, ಮೂರನೇ ವರ್ಷ ₹1,368ಕ್ಕೆ. ನಾಲ್ಕನೇ ವರ್ಷ ಅದು ತಿರುಗಿ ನಿಲ್ಲುತ್ತದೆ: ಪುಸ್ತಕದ ಬಡ್ಡಿ ತೆರಿಗೆಯ ಬಡ್ಡಿಗಿಂತ ₹13,658 ಹೆಚ್ಚು, ಐದನೇ ವರ್ಷ ₹30,187 ಹೆಚ್ಚು. ಬಾಂಡು ತೀರುವ ದಿನ ಎರಡೂ ಕಡೆಯ ಒಟ್ಟು ಸಮವಾಗಿ, ಮುಂದೂಡಿದ ತೆರಿಗೆಯ ಖಾತೆಯಲ್ಲಿ ಈ ಬಾಂಡಿನ ಹೆಸರಿನಲ್ಲಿ ಏನೂ ಉಳಿದಿರುವುದಿಲ್ಲ.